ಕಿಟಕಿಯೊಳಗಿನ ಎರಡು ಮೂಕ ಸ್ವರಗಳು

ಹಿಂದಿ ಕಲಿತ ಕನ್ನಡಿಗರೆಲ್ಲ ಒಮ್ಮೆಯಾದರೂ ಎಡವಿರುವ ಜಾಗವೊಂದಿದೆ. 'ಕಮಲ' ಎಂದು ಬರೆದಿರುತ್ತದೆ, 'ಕಮಲ್' ಎಂದು ಓದಬೇಕು. 'ಲಡಕಾ' ಎಂದು ಬರೆದಿರುತ್ತದೆ, 'ಲಡ್ಕಾ' ಎನ್ನಬೇಕು. ಬರೆದದ್ದನ್ನೆಲ್ಲ ಓದುವ ನಮಗೆ ಇದು ಮೊದಲು ಮೋಸದಂತೆ ಕಾಣುತ್ತದೆ, ಆಮೇಲೆ ರೂಢಿಯಾಗುತ್ತದೆ. ಫ್ರೆಂಚಿನಲ್ಲಿ ಈ ಆಟ ಇನ್ನೂ ಮುಂದುವರಿದಿದೆ. ಅಲ್ಲಿ ಒಂದು ಸ್ವರ ಒಂದೇ ಪದದಲ್ಲಿ ಈಗ ಇರುತ್ತದೆ, ಮರುಕ್ಷಣ ಇರುವುದಿಲ್ಲ. ರೋಮನ್ ಲಿಪಿಯ ಐದನೆಯ ಅಕ್ಷರವಾದ 'ಇ'ಯಿಂದ ಅದನ್ನು ಬರೆಯುತ್ತಾರೆ, 'ಮೂಕ ಇ' ಎಂದೇ ಕರೆಯುತ್ತಾರೆ. ಉಚ್ಚಾರ ಮಾತ್ರ ನಮ್ಮ ಇಕಾರದ ಹತ್ತಿರವೂ ಸುಳಿಯದು. ತುಟಿಯನ್ನು ತುಸು ದುಂಡಗೆ ಮಾಡಿ ಅಕಾರ ನುಡಿದರೆ ಹೆಚ್ಚುಕಡಿಮೆ ಅದೇ. ಹಾಗಾಗಿ ಇಲ್ಲಿ ಅದನ್ನು ಅಕಾರದಿಂದಲೂ, ಫ್ರೆಂಚಿನ ನಿಜವಾದ 'ಅ' ಧ್ವನಿಯನ್ನು ಆಕಾರದಿಂದಲೂ ಬರೆಯುತ್ತೇನೆ.

ಕಿಟಕಿಗೆ ಫ್ರೆಂಚಿನಲ್ಲಿ 'ಫನೆತ್ರ' ಎನ್ನುತ್ತಾರೆ. ಈ ಪುಟ್ಟ ಪದದಲ್ಲಿ ಎರಡು ಮೂಕ ಸ್ವರಗಳಿವೆ, ಒಂದು 'ಫ'ದಲ್ಲಿ, ಇನ್ನೊಂದು ಕೊನೆಯ 'ತ್ರ'ದಲ್ಲಿ. ಬರಹದಲ್ಲಿ 'ಲಾ ಫನೆತ್ರ' ನಾಲ್ಕು ಉಚ್ಚಾರಾಂಶಗಳ ತುಣುಕು. ಪ್ಯಾರಿಸ್ಸಿನವರ ಬಾಯಲ್ಲಿ ಅದು 'ಲಾ ಫ್ನೆತ್ರ್', ಎರಡೇ ಉಚ್ಚಾರಾಂಶ. ಇನ್ನೂ ಅವಸರದಲ್ಲಿದ್ದರೆ ರಕಾರವೂ ಉದುರಿ 'ಲಾ ಫ್ನೆತ್' ಆಗುತ್ತದೆ.

ಆ ಎರಡು ಸ್ವರಗಳು ಎಲ್ಲಿಂದ ಬಂದವು? ಲ್ಯಾಟಿನ್ನಿನ ಮೂಲರೂಪ 'ಫೆನೆಸ್ತ್ರಾ'. ಲ್ಯಾಟಿನ್ನಿನಲ್ಲಿ ಪ್ರತಿ ಪದಕ್ಕೂ ಒತ್ತು ಬೀಳುವ ಒಂದು ಜಾಗವಿತ್ತು. ಬಹು ಅಕ್ಷರಗಳ ಪದವಾದರೆ ಕೊನೆಯಿಂದ ಎರಡನೆಯದೋ ಮೂರನೆಯದೋ ಆ ಪಟ್ಟಕ್ಕೇರುತ್ತಿತ್ತು. ಇಲ್ಲಿ ಒತ್ತು 'ನೆಸ್' ಮೇಲೆ. ಇಂದಿನ ಉತ್ತರ ಫ್ರಾನ್ಸಿನ ನೆಲದಲ್ಲಿ ಲ್ಯಾಟಿನ್ ಆಡುಮಾತಾದಾಗ ಈ ಒತ್ತು ವಿಪರೀತ ಬಲವಾಯಿತು. ಜರ್ಮ್ಯಾನಿಕ್ ಬಳಗದ ಭಾಷೆಯಾಡುತ್ತಿದ್ದ ಫ್ರಾಂಕರ ಪ್ರಭಾವ ಇದಕ್ಕೆ ಕಾರಣ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಒಂದು ಅಕ್ಷರವನ್ನು ಗುದ್ದಿ ನುಡಿದರೆ ಅಕ್ಕಪಕ್ಕದವು ಸೊರಗುತ್ತವೆ. ಒತ್ತಿನ ಆಚೆ ಬಿದ್ದ ಸ್ವರಗಳು ಒಂದೊಂದಾಗಿ ಅಳಿದವು. ಗೋಡೆ ಎಂಬರ್ಥದ 'ಮೂರುಮ್' ಬರೀ 'ಮ್ಯುರ್' ಆಯಿತು. ಪದಾಂತ್ಯದಲ್ಲಿ ಉಳಿದುಕೊಂಡದ್ದು ಮುಖ್ಯವಾಗಿ ಲ್ಯಾಟಿನ್ನಿನ ಆಕಾರ, ಅದೂ ಬಣ್ಣಗೆಟ್ಟು ಮಸುಕಾದ ಒಂದು ಅಕಾರವಾಗಿ. ಹೀಗೆ 'ಫೆಮಿನಾ' 'ಫೆಮ್ಮ'ದಂತಾಯಿತು, 'ಪೋರ್ತಾ' 'ಪೋರ್ತ' ಆಯಿತು, 'ಫೆನೆಸ್ತ್ರಾ' 'ಫನೆಸ್ತ್ರ' ಆಯಿತು. ಪಕ್ಕದ ಇಟಲಿಯವರು ಇಂದಿಗೂ 'ಫಿನೆಸ್ತ್ರಾ' ಎಂದು ಮೂರು ಉಚ್ಚಾರಾಂಶಗಳನ್ನೂ ತುಂಬಿ ನುಡಿಯುತ್ತಾರೆ.

ಇದರ ಪರಿಣಾಮವೊಂದನ್ನು ಗಮನಿಸಬೇಕು. ಹಳೆಯ ಫ್ರೆಂಚಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಒತ್ತಿನ ನಂತರದ್ದೆಲ್ಲ ಅಳಿದಿದ್ದರಿಂದ ಒತ್ತು ತಾನಾಗಿಯೇ ಕೊನೆಯ ಅಕ್ಷರದ ಮೇಲಿರುತ್ತಿತ್ತು. ಪದ ಮೂಕ ಸ್ವರದಿಂದ ಮುಗಿದರೆ ಮಾತ್ರ ಅದರ ಹಿಂದಿನ ಅಕ್ಷರದ ಮೇಲೆ. ಗಾಸ್ತೋಂ ಪಾರಿಸ್ ಎಂಬ ವಿದ್ವಾಂಸ 1862ರಲ್ಲಿ ಒಂದಿಡೀ ಅಧ್ಯಯನವನ್ನು ಈ ವಿಷಯಕ್ಕೇ ಮೀಸಲಿಟ್ಟ. ಲ್ಯಾಟಿನ್ನಿನಲ್ಲಿ ಒತ್ತು ಪಡೆದ ಅಕ್ಷರವೇ ಫ್ರೆಂಚಿನಲ್ಲಿ ಪದದ ಬೆನ್ನೆಲುಬಾಗಿ ಉಳಿಯಿತು ಎಂಬುದು ಅವನ ವಾದದ ತಿರುಳು.

ಪದಾಂತ್ಯದ ಆ ಮಸುಕು ಸ್ವರ ಆಗ ಮೂಕವಾಗಿರಲಿಲ್ಲ. ಇಂಗ್ಲಿಷರಿಗೆ ಫ್ರೆಂಚ್ ಕಲಿಸಲು 1530ರಲ್ಲಿ ದೊಡ್ಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ ಜಾನ್ ಪಾಲ್ಸ್‌ಗ್ರೇವ್, ಪದದ ಕೊನೆಯಲ್ಲಿ ಅದನ್ನು ಸುಮಾರು ಒಕಾರದಂತೆ, ಮೂಗಿನಿಂದ ನುಡಿಯಬೇಕು ಎನ್ನುತ್ತಾನೆ. ಮೂಗಿನ ಮಾತು ವಿಚಿತ್ರವೆನಿಸಿದರೂ ಒಂದು ಸಂಗತಿ ಖಚಿತ, ಸ್ವರ ಕಿವಿಗೆ ಬೀಳುತ್ತಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಅದು ಪ್ಯಾರಿಸ್ಸಿನ ಮಾತಿನಿಂದ ಸದ್ದಿಲ್ಲದೆ ಜಾರಿತು. ಮೊದಲು ಹೋದದ್ದು ಬೇರೊಂದು ಸ್ವರದ ಬೆನ್ನಿಗಿದ್ದದ್ದು, ಆಮೇಲೆ ವ್ಯಂಜನದ ನಂತರದ್ದು.

ಹೋಗುವ ಮುನ್ನ ಅದೊಂದು ಉಪಕಾರ ಮಾಡಿತು. ಫ್ರೆಂಚಿನಲ್ಲಿ ಪದಾಂತ್ಯದ ವ್ಯಂಜನಗಳೂ ಅಳಿಯುತ್ತಿದ್ದ ಕಾಲ ಅದು. ಮೂಕ ಸ್ವರವನ್ನು ಬೆನ್ನಿಗಿಟ್ಟುಕೊಂಡ ವ್ಯಂಜನ ಮಾತ್ರ ಕೊನೆಯಲ್ಲಿಲ್ಲದ ಕಾರಣ ಬದುಕಿಕೊಂಡಿತು. 'ತೆರೆದ' ಎನ್ನುವುದಕ್ಕೆ ಪುಲ್ಲಿಂಗದಲ್ಲಿ 'ಉವೆರ್', ಸ್ತ್ರೀಲಿಂಗದಲ್ಲಿ 'ಉವೆರ್ತ್'. ಎರಡರ ಬರಹದಲ್ಲೂ ತಕಾರವಿದೆ, ಎರಡನೆಯದರಲ್ಲಿ ಅದರ ಮುಂದೆ ಮೂಕ 'ಇ' ಇದೆ, ಅಷ್ಟೇ. ಮಾತಿನಲ್ಲಿ ಸ್ತ್ರೀಲಿಂಗದ ಗುರುತು ಈಗ ಆ ತಕಾರ. ಸ್ವರ ಸತ್ತಿದೆ, ಅದು ಕಾಪಾಡಿದ ವ್ಯಂಜನ ವ್ಯಾಕರಣವನ್ನು ಹೊತ್ತು ನಿಂತಿದೆ.

ಮಾತಿನಲ್ಲಿ ಸತ್ತ ಸ್ವರ ಹಾಡಿನಲ್ಲಿ ಸಾಯಲಿಲ್ಲ. ನಮ್ಮ ಶಿಶುವಿಹಾರಗಳಲ್ಲೂ ಇಂಗ್ಲಿಷ್ ಮಾತುಗಳೊಂದಿಗೆ ಹಾಡಿಸುವ 'ಫ್ರೆರ್ ಜಾಕ್' ಹಾಡನ್ನು ನೆನಪಿಸಿಕೊಳ್ಳಿ. ಅದರ ಮೊದಲ ನಾಲ್ಕು ಸ್ವರ ಸ-ರಿ-ಗ-ಸ. ಮಾತಿನಲ್ಲಿ 'ಫ್ರೆರ್ ಜಾಕ್' ಎರಡೇ ಉಚ್ಚಾರಾಂಶ, ಆದರೆ ನಾಲ್ಕು ಸ್ವರಗಳನ್ನು ತುಂಬಬೇಕಲ್ಲ? ಫ್ರೆಂಚ್ ಮಕ್ಕಳು 'ಫ್ರೆ-ರ ಜಾ-ಕ' ಎಂದು ಹಾಡುತ್ತಾರೆ. ಕಾವ್ಯದ ಕಟ್ಟಳೆಯೂ ಇದೇ. ಸಾಲಿನ ನಡುವೆ ಮೂಕ ಸ್ವರದ ನಂತರ ವ್ಯಂಜನ ಬಂದರೆ ಅದನ್ನು ಎಣಿಸಬೇಕು, ಬೇರೆ ಸ್ವರ ಬಂದರೆ ಬಿಡಬೇಕು, ಸಾಲಿನ ಕೊನೆಯಲ್ಲಿದ್ದರೆ ಅದು ಲೆಕ್ಕಕ್ಕಿಲ್ಲ. ಫ್ರೆಂಚ್ ಛಂದಸ್ಸಿನಲ್ಲಿ ಲಘು-ಗುರುಗಳ ತಂಟೆಯಿಲ್ಲ, ಬರೀ ತಲೆಯೆಣಿಕೆ. ಹಾಗಾಗಿ ಈ ಒಂದು ಸ್ವರ ಇದೆಯೋ ಇಲ್ಲವೋ ಎನ್ನುವುದರ ಮೇಲೆಯೇ ಸಾಲು ನಿಲ್ಲುತ್ತದೆ ಅಥವಾ ಕುಸಿಯುತ್ತದೆ.

ಇಟಲಿಯ ದೇವೊದಾತಿ ದೆ ತೊವಾತ್ಸಿ ಎಂಬಾತ ಈ ಮೂಕ ಸ್ವರವನ್ನು ಹಳಿದಾಗ ವೋಲ್ತೇರ್ 1761ರಲ್ಲಿ ಪತ್ರ ಬರೆದು ಅದರ ಪರ ವಹಿಸಿಕೊಂಡ. ಬೆರಳು ತೆಗೆದ ಮೇಲೂ ಹಾರ್ಪ್ಸಿಕಾರ್ಡ್ ವಾದ್ಯ ಅನುರಣಿಸುವಂತೆ, ಪದ ಮುಗಿದ ಮೇಲೂ ಈ ಸ್ವರ ಕಿವಿಯಲ್ಲಿ ಉಳಿಯುತ್ತದೆ ಎಂಬುದು ಅವನ ಉತ್ತರದ ಸಾರ. ಮಾತು ಸೊಗಸಾಗಿದೆ. ಆದರೆ ಉಳಿಯುವುದು ನಾದವೇ ಹೊರತು ಸ್ವರವಲ್ಲ ಎಂದು ಅವನೇ ಒಪ್ಪಿಕೊಂಡಂತೆ ನನಗೆ ಕಾಣುತ್ತದೆ.

ಇನ್ನು ಪದದ ಒಳಗಿನ ಮೂಕ ಸ್ವರ, ಅಂದರೆ 'ಫನೆತ್ರ'ದ ಮೊದಲನೆಯದು. ಇದರ ನಡತೆಗೆ ಸೂತ್ರ ಕೊಟ್ಟವನು ಮೊರಿಸ್ ಗ್ರಾಮೋಂ, 1894ರಲ್ಲಿ. 'ಮೂರು ವ್ಯಂಜನಗಳ ನಿಯಮ' ಎಂದು ಅದಕ್ಕೆ ಹೆಸರು. ಸ್ವರವನ್ನು ಬಿಟ್ಟರೆ ಮೂರು ವ್ಯಂಜನಗಳು ಒಟ್ಟಿಗೆ ಗುಂಪುಗೂಡುವುದಾದರೆ ಬಿಡಬೇಡ, ಇಲ್ಲವಾದರೆ ಬಿಡು. ಶನಿವಾರಕ್ಕೆ ಬರಹದಲ್ಲಿ 'ಸಾಮದಿ', ಮಾತಿನಲ್ಲಿ 'ಸಾಮ್ದಿ'. ಶುಕ್ರವಾರ 'ವಾಂದ್ರದಿ'. ಇಲ್ಲಿ ಅಕಾರ ಬಿಟ್ಟರೆ ದ, ರ, ದ ಒಂದರ ಮೇಲೊಂದು ಬೀಳುತ್ತವೆ, ಆದ್ದರಿಂದ ಅದು ಉಳಿಯುತ್ತದೆ. ನಮ್ಮ ಕಿಟಕಿಯೂ ಹಾಗೆಯೇ. 'ಲಾ ಫ್ನೆತ್ರ್' ಎನ್ನಬಹುದು, ಏಕೆಂದರೆ ಮುಂಚೆ ಆಕಾರವಿದೆ. 'ಒಂದು ಕಿಟಕಿ' ಎನ್ನಲು ಹೊರಟರೆ 'ಯುನ್ ಫನೆತ್ರ್' ಎಂದೇ ಆಗಬೇಕು, ಇಲ್ಲದಿದ್ದರೆ ನ, ಫ, ನ ಮೂರೂ ಡಿಕ್ಕಿ ಹೊಡೆಯುತ್ತವೆ. 'ನನ್ನ ಕೋಣೆಯ ಕಿಟಕಿ' ಎನ್ನುವಾಗ ಕೊನೆಯ ಸ್ವರವೇ ಎದ್ದುಬರುತ್ತದೆ, 'ಲಾ ಫ್ನೆತ್ರ ದ್ ಮಾ ಶಾಂಬ್ರ್'. ಒಂದು ಕಡೆ ಮುಳುಗಿ ಇನ್ನೊಂದು ಕಡೆ ತಲೆ ಎತ್ತುವ ಈ ಸ್ವರ ಪದದ ಸೊತ್ತಲ್ಲ, ಮಾತಿನ ಓಟದ ಸೊತ್ತು.

ಅಕ್ಷರದಲ್ಲಿ ಇಲ್ಲದ ಕಡೆಯೂ ಅದು ಬರುತ್ತದೆ. ಪ್ಯಾರಿಸ್ಸಿನ ಹೆಸರಾಂತ ವಿಜಯದ್ವಾರವನ್ನು ಎಷ್ಟೋ ಜನ 'ಆರ್ಕ ದ ತ್ರಿಯೋಂಫ್' ಎನ್ನುತ್ತಾರೆ. ಆ 'ಆರ್ಕ್' ಪದದ ಬರಹದಲ್ಲಿ ಕೊನೆಗೆ ಯಾವ ಸ್ವರವೂ ಇಲ್ಲ. ಬಸ್‌ಗೆ ಉಕಾರ ಹಚ್ಚಿ 'ಬಸ್ಸು' ಮಾಡಿಕೊಂಡ ನಮಗೆ ಇದು ಅರ್ಥವಾಗುವ ಕಷ್ಟ.

ಗ್ರಾಮೋಂನ ಸೂತ್ರ ಎಲ್ಲ ಕಡೆ ನಿಲ್ಲುವುದಿಲ್ಲ, ನಿಲ್ಲದ ಕಡೆಗಳೇ ಹೆಚ್ಚು ಪಾಠ ಹೇಳುತ್ತವೆ. ಕಟಕಟೆಗೆ 'ಗಾರ್ದ-ಫು', ರೋಗಿಯ ಆರೈಕೆ ಮಾಡುವವರಿಗೆ 'ಗಾರ್ದ್-ಮಾಲಾದ್'. ಎರಡರಲ್ಲೂ ಮೂರು ವ್ಯಂಜನಗಳ ಭಯ ಒಂದೇ, ಆದರೂ ಮೊದಲನೆಯದರಲ್ಲಿ ಸ್ವರ ಉಳಿಯುತ್ತದೆ, ಎರಡನೆಯದರಲ್ಲಿ ಹೋಗಬಹುದು. 'ಫು' ಒಂದೇ ಉಚ್ಚಾರಾಂಶ, ಒತ್ತು ಅದರ ಮೇಲೆ. 'ಗಾರ್ದ್'ಗೆ ತಾಗಿಯೇ ಅದು ಬಂದರೆ ಎರಡು ಬಲವಾದ ಅಕ್ಷರಗಳು ಮೈಗೆ ಮೈ ತಿಕ್ಕುತ್ತವೆ, ನಡುವೆ ಒಂದು ಮೆತ್ತೆ ಬೇಕು. 'ಮಾಲಾದ್'ನಲ್ಲಿ ಒತ್ತು 'ಲಾದ್' ಮೇಲಿರುವುದರಿಂದ 'ಮಾ' ಆಗಲೇ ಆ ಮೆತ್ತೆಯಾಗಿದೆ. ಮೂಕ ಸ್ವರದ ಅಳಿವು ಉಳಿವನ್ನು ವ್ಯಂಜನಗಳು ಮಾತ್ರವಲ್ಲ, ಲಯವೂ ತೀರ್ಮಾನಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆ ಲಯದ ವಿಚಾರಕ್ಕೆ ಬರೋಣ. ಪದಾಂತ್ಯದ ಸ್ವರ ಬಿದ್ದುಹೋದ ಮೇಲೆ ಪ್ರತಿ ಪದದ ಒತ್ತೂ ಕಟ್ಟಕಡೆಯ ಅಕ್ಷರದ ಮೇಲೆಯೇ ಬಂತು. ಎಲ್ಲ ಪದಗಳಲ್ಲೂ ಒಂದೇ ಜಾಗದಲ್ಲಿರುವ ಒತ್ತು ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸಲಾರದು. ಅದಕ್ಕೆ ಉಳಿಯುವ ಕೆಲಸ ಮಾತಿನ ತುಂಡು ಎಲ್ಲಿ ಮುಗಿಯಿತೆಂದು ತೋರಿಸುವುದು. ಹೀಗಾಗಿ ಒತ್ತು ಪದವನ್ನು ಬಿಟ್ಟು ಪದಗುಚ್ಛಕ್ಕೆ ಹೋಯಿತು. 'ಲಾ ಫ್ನೆತ್ರ್' ಎಂದಷ್ಟೇ ಹೇಳಿದರೆ ಒತ್ತು 'ನೆತ್ರ್' ಮೇಲೆ. 'ತೆರೆದ ಕಿಟಕಿ' ಎಂದರೆ 'ಲಾ-ಫ್ನೆ-ತ್ರು-ವೆರ್ತ್'. ಕಿಟಕಿಯ ಒತ್ತು ಮಾಯವಾಯಿತು, ಅದರ ಕೊನೆಯ ವ್ಯಂಜನಗಳು ಮುಂದಿನ ಪದದ ಉಕಾರಕ್ಕೆ ಅಂಟಿಕೊಂಡವು, ಪದಗಳ ನಡುವಿನ ಗಡಿಯೇ ಅಳಿಸಿಹೋಯಿತು. ಫ್ರೆಂಚ್ ಕಲಿಯುವವರು 'ಎಲ್ಲಿ ಪದ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ' ಎಂದು ದೂರುವುದು ಸುಮ್ಮನೆ ಅಲ್ಲ.

ಇದರ ಇನ್ನೊಂದು ಮುಖವನ್ನು ದ್ಯುಪೂ ಮತ್ತು ಸಂಗಡಿಗರು 1997ರಲ್ಲಿ ಪ್ರಯೋಗದಿಂದ ತೋರಿಸಿದರು. ಅರ್ಥವಿಲ್ಲದ ಪದಗಳನ್ನು ಒತ್ತಿನ ಜಾಗ ಮಾತ್ರ ಬದಲಿಸಿ ಕೇಳಿಸಿದಾಗ ಸ್ಪ್ಯಾನಿಷ್ ಭಾಷಿಕರು ಸುಲಭವಾಗಿ ಭೇದ ಹೇಳಿದರು, ಫ್ರೆಂಚರು ತಡವರಿಸಿದರು. ತಮ್ಮ ನುಡಿಗೆ ಬೇಡದ್ದನ್ನು ಅವರ ಕಿವಿ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಫ್ರೆಂಚ್ ಉಚ್ಚಾರಾಂಶಗಳೆಲ್ಲ ಒಂದೇ ಅಳತೆಯವು ಎಂಬ ಮಾತನ್ನು ಮಾತ್ರ ಅಕ್ಷರಶಃ ನಂಬಬಾರದು. 1967ರಲ್ಲಿ ಡೇವಿಡ್ ಅಬರ್‌ಕ್ರಾಂಬಿ ಉಚ್ಚಾರಾಂಶಗಳು ಸಮನಾಗಿ ಬೀಳುವ ಭಾಷೆಗಳೆಂದು ಫ್ರೆಂಚ್, ಯೊರುಬಾ ಮತ್ತು ನಮ್ಮ ನೆರೆಯ ತೆಲುಗನ್ನು ಹೆಸರಿಸಿದ. 1982ರಲ್ಲಿ ಪೀಟರ್ ರೋಚ್ ಅಳೆದು ನೋಡಿದಾಗ ಆ ಸಮತೆ ಸಿಗಲಿಲ್ಲ. ಅದೇ ವರ್ಷ ವೆಂಕ್ ಮತ್ತು ವಿಯೋಲಾಂ, ಫ್ರೆಂಚಿನ ಪ್ರತಿ ಗುಚ್ಛದ ಕೊನೆಯ ಉಚ್ಚಾರಾಂಶ ಎದ್ದುಕಾಣುವಷ್ಟು ಉದ್ದ ಎಂದು ತೋರಿಸಿದರು. ಹಾಗಿದ್ದರೂ ಕಿವಿಗೆ ಸಮವೆನಿಸುವುದೇಕೆ? ಇಂಗ್ಲಿಷ್ ಒತ್ತಿಲ್ಲದ ಸ್ವರಗಳನ್ನು ಅರ್ಧ ನುಂಗುತ್ತದೆ. ಫ್ರೆಂಚಿನಲ್ಲಿ ಒತ್ತಿಲ್ಲದ ಸ್ವರವೂ ತನ್ನ ಬಣ್ಣವನ್ನು ಪೂರ್ತಿ ಉಳಿಸಿಕೊಳ್ಳುತ್ತದೆ. ಸೊರಗುವ ಸ್ವಭಾವದ ಸ್ವರ ಅಲ್ಲಿ ಇದೊಂದೇ, ಅದೂ ಅರ್ಧಂಬರ್ಧ ನಿಲ್ಲುವುದಿಲ್ಲ. ಇದ್ದರೆ ಒಂದು ಉಚ್ಚಾರಾಂಶವಾಗಿ ಇರುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ.

ದಕ್ಷಿಣ ಫ್ರಾನ್ಸಿನ ಲೆಕ್ಕ ಬೇರೆ. ಆಕ್ಸಿಟನ್ ಮಾತಾಡುತ್ತಿದ್ದ ಆ ನಾಡಿನವರು ಫ್ರೆಂಚನ್ನು ಬಹುಮಟ್ಟಿಗೆ ಬರಹದಿಂದ ಕಲಿತರು, ಬರೆದದ್ದನ್ನು ಓದಿದರು. ಮಾರ್ಸೇಯಿನ ಹಿರಿಯರ ಬಾಯಲ್ಲಿ ಇಂದಿಗೂ 'ಫ-ನೆ-ತ್ರ' ಮೂರು ಉಚ್ಚಾರಾಂಶಗಳ ಪದ, ಪ್ಯಾರಿಸ್ಸಿನವರು ಅವರನ್ನು ಗುರುತು ಹಿಡಿಯುವುದೇ ಇದರಿಂದ. ತಮಾಷೆಯೆಂದರೆ ಕಳೆದ ಕೆಲವು ದಶಕಗಳಿಂದ ಪ್ಯಾರಿಸ್ಸಿನವರೇ ಮಾತಿನ ತುಂಡಿನ ಕೊನೆಗೆ ಒಂದು ಅಕಾರ ಎಳೆಯತೊಡಗಿದ್ದಾರೆ. 'ಬೋಂಜೂರ್' ಎಂಬ ನಮಸ್ಕಾರದ ಬರಹದಲ್ಲಿ ಕೊನೆಗೆ ಮೂಕ 'ಇ' ಎಂದೂ ಇರಲಿಲ್ಲ. ಈಗ ಅಂಗಡಿಯ ಬಾಗಿಲಲ್ಲಿ ಅದು 'ಬೋಂಜೂರ' ಎಂದು ಕೇಳಿಸುತ್ತದೆ.