ಪಲಾವ್‌ಗೆ ಒಂದಕ್ಕೆ ಎರಡು ನೀರು ಅಂತ ಯಾರು ಹೇಳಿದ್ದು?

"ಅಕ್ಕಾ, ರೂಮಿನಲ್ಲಿ ಗ್ಯಾಸ್ ಇಡೋ ಹಾಗಿಲ್ಲ. ರೈಸ್ ಕುಕ್ಕರ್ ಒಂದೇ ಇರೋದು. ಪಲಾವ್, ಉಪ್ಪಿಟ್ಟು, ಖಿಚಡಿಗೆ ನೀರು ಎಷ್ಟು ಹಾಕಬೇಕು, ಯಾವ ಮೋಡ್‌ನಲ್ಲಿ ಇಡಬೇಕು?"

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹುಬ್ಬಳ್ಳಿ ಹುಡುಗರು ಇದನ್ನೇ ಕೇಳುತ್ತಾರೆ. ವಿಮಾನನಗರದ ಪೀಜಿಯ ಹುಡುಗಿಯರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಎಲ್ಲಕ್ಕಿಂತ ಮೊದಲು, "ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು" ಅನ್ನೋ ಲೆಕ್ಕವನ್ನು ತಲೆಯಿಂದ ತೆಗೆದುಹಾಕಿ. ಇದು ತಪ್ಪು. ಒಂದು ಲೋಟಕ್ಕೆ ಮಾತ್ರ ಸರಿ ಬರುತ್ತದೆ, ಅದಕ್ಕೇ ಎಲ್ಲರೂ ನಂಬುತ್ತಾರೆ. ಒಬ್ಬರಿಗೇ ಅಡುಗೆ ಮಾಡಿಕೊಳ್ಳುವಾಗ ಪಲಾವ್ ಉದುರುದುರಾಗಿ ಬರುತ್ತದೆ. ಭಾನುವಾರ ನಾಲ್ಕು ಜನ ಸ್ನೇಹಿತರು ಬಂದರು ಅಂತ ಮೂರು ಲೋಟ ಅಕ್ಕಿಗೆ ಆರು ಲೋಟ ನೀರು ಹಾಕಿದರೆ ಮುದ್ದೆ ಆಗುತ್ತದೆ. ಆಮೇಲೆ "ಅಕ್ಕಿ ಹೊಸದು, ಇಲ್ಲಿನ ಅಕ್ಕಿನೇ ಸರಿ ಇಲ್ಲ" ಅಂತ ಅಕ್ಕಿಯನ್ನು ಬೈಯುತ್ತಾರೆ. ತಪ್ಪು ಅಕ್ಕಿಯದ್ದಲ್ಲ, ಲೆಕ್ಕದ್ದು.

ಯಾಕೆ ಅಂತ ನೋಡಿ. ಕುಕ್ಕರಿಗೆ ಹಾಕಿದ ನೀರು ಎರಡು ಕಡೆ ಹೋಗುತ್ತದೆ. ಒಂದು ಪಾಲನ್ನು ಅಕ್ಕಿ ಕುಡಿಯುತ್ತದೆ. ಇನ್ನೊಂದು ಪಾಲು ಮುಚ್ಚಳದ ತೂತಿನಿಂದ ಹಬೆಯಾಗಿ ಹೋಗುತ್ತದೆ. ಅಕ್ಕಿ ಕುಡಿಯುವ ನೀರು ಅಕ್ಕಿ ಜಾಸ್ತಿಯಾದಂತೆ ಜಾಸ್ತಿಯಾಗುತ್ತದೆ, ಅದು ಸರಿ. ಆದರೆ ಹಬೆಯಾಗಿ ಹೋಗುವ ನೀರು ಹಾಗಲ್ಲ. ಅದೇ ಕುಕ್ಕರ್, ಅದೇ ತೂತು, ಕುದಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಒಂದು ಲೋಟ ಅಕ್ಕಿ ಇಟ್ಟರೂ ಮೂರು ಲೋಟ ಇಟ್ಟರೂ ಹಬೆಗೆ ಹೋಗುವುದು ಸುಮಾರು ಒಂದೇ ಅಳತೆ. ನೀವು ಅದನ್ನೂ ಮೂರು ಪಟ್ಟು ಮಾಡಿದರೆ ಆ ಹೆಚ್ಚುವರಿ ನೀರು ಎಲ್ಲಿಗೆ ಹೋಗಬೇಕು? ಅಕ್ಕಿಯೊಳಗೇ ಹೋಗುತ್ತದೆ.

ನಾನು ಇದನ್ನು ತಕ್ಕಡಿ ಇಟ್ಟು ತೂಗಿ ನೋಡಿದ್ದೇನೆ. ನನ್ನದು 1.8 ಲೀಟರ್ ಕುಕ್ಕರ್, ಅದರ ಜೊತೆ ಬಂದ ಲೋಟ 180 ಮಿಲಿ. ಒಂದು ಲೋಟ ಕೋಲಮ್ ಅಕ್ಕಿ 150 ಗ್ರಾಂ, ಎರಡು ಲೋಟ ನೀರು 360 ಗ್ರಾಂ, ಒಟ್ಟು 510. ಅನ್ನ ಆದಮೇಲೆ ತೂಗಿದರೆ 375 ಇತ್ತು. ಅಂದರೆ 135 ಗ್ರಾಂ ಗಾಳಿಗೆ ಹೋಯಿತು, ಅಂದರೆ ಮುಕ್ಕಾಲು ಲೋಟ. ಅಕ್ಕಿ ಕುಡಿದದ್ದು ಬರೀ ಒಂದೂಕಾಲು ಲೋಟ. ಆವತ್ತಿನಿಂದ ನಮ್ಮ ಮನೆಯ ಲೆಕ್ಕ ಇಷ್ಟೇ: ಪ್ರತಿ ಲೋಟ ಅಕ್ಕಿಗೆ ಒಂದೂಕಾಲು, ಮೇಲೆ ಕುಕ್ಕರಿಗೆ ಅಂತ ಮುಕ್ಕಾಲು, ಆ ಮುಕ್ಕಾಲು ಒಂದೇ ಸಲ. ಒಂದು ಲೋಟಕ್ಕೆ ಎರಡು ಬಂತು. ಎರಡು ಲೋಟಕ್ಕೆ ಮೂರೂಕಾಲು. ಮೂರು ಲೋಟಕ್ಕೆ ನಾಲ್ಕೂವರೆ. ಆರಲ್ಲ! ಒಂದೂವರೆ ಲೋಟ ನೀರು ಸುಮ್ನೆ ಜಾಸ್ತಿ ಹಾಕುತ್ತಿದ್ದಿರಿ.

ನಿಮ್ಮ ಕುಕ್ಕರ್ ಚಿಕ್ಕದಾದರೆ ಈ ಮುಕ್ಕಾಲು ಅನ್ನೋದು ಅರ್ಧ ಆಗಬಹುದು. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಒಂದು ಸಲ ಒಳಗಿನ ಪಾತ್ರೆಯನ್ನು ಅಕ್ಕಿ ನೀರು ಸಮೇತ ತೂಗಿ ಬರೆದಿಟ್ಟುಕೊಳ್ಳಿ, ಅನ್ನ ಆಗಿ ಹತ್ತು ನಿಮಿಷ ಬಿಟ್ಟು ಮತ್ತೆ ತೂಗಿ. ಎಷ್ಟು ಗ್ರಾಂ ಕಡಿಮೆಯಾಯಿತೋ ಅಷ್ಟು ಮಿಲಿ ನಿಮ್ಮ ಕುಕ್ಕರಿನ ಪಾಲು. ಜೀವನಪೂರ್ತಿ ಆ ಒಂದು ಅಂಕಿ ಸಾಕು.

ಇದನ್ನು ಹೇಳಿದರೆ "ನಮ್ಮಮ್ಮ ಯಾವಾಗಲೂ ಒಂದಕ್ಕೆ ಎರಡೇ ಹಾಕೋದು" ಅಂತಾರೆ. ನಿಮ್ಮ ಅಜ್ಜಿ ಏನು ಮಾಡುತ್ತಿದ್ದರು ನೆನಪಿದೆಯಾ? ಅಕ್ಕಿಯ ಮೇಲೆ ಬೆರಳಿಟ್ಟು ಒಂದು ಗೆಣ್ಣು ನೀರು ಬರುವಷ್ಟು ಹಾಕುತ್ತಿದ್ದರು. ಅಕ್ಕಿ ಒಂದು ಪಾವಾದರೂ ಒಂದೇ ಗೆಣ್ಣು, ಮೂರು ಪಾವಾದರೂ ಒಂದೇ ಗೆಣ್ಣು. ಮೂರು ಪಾವಿಗೆ ಮೂರು ಗೆಣ್ಣು ಯಾರೂ ಹಾಕಲಿಲ್ಲ, ಅಲ್ವಾ? ಅಕ್ಕಿಯ ಮೇಲೆ ನಿಲ್ಲುವ ನೀರು ಬದಲಾಗಬಾರದು ಅನ್ನೋದು ಅವರ ಬೆರಳಿಗೆ ಗೊತ್ತಿತ್ತು. ಜಪಾನಿನಲ್ಲಿ 1955ರಲ್ಲಿ ತೋಷಿಬಾ ಮಾರಾಟಕ್ಕೆ ತಂದ ಮೊದಲ ಆಟೊಮ್ಯಾಟಿಕ್ ರೈಸ್ ಕುಕ್ಕರ್ ಕೂಡ ಹಬೆಯ ಲೆಕ್ಕದ ಮೇಲೇ ನಿಂತಿತ್ತು. ಅದಕ್ಕೆ ಎರಡು ಪಾತ್ರೆ, ಹೊರಗಿನದರಲ್ಲಿ ಒಂದು ಲೋಟದಷ್ಟು ನೀರು. ಅದು ಪೂರ್ತಿ ಆವಿಯಾಗಲು ಸುಮಾರು 20 ನಿಮಿಷ ಬೇಕು, ಆವಿಯಾದ ಕೂಡಲೇ ಬಿಸಿ ಏರಿ ಸ್ವಿಚ್ ಆಫ್ ಆಗುತ್ತಿತ್ತು.

ಈಗಿನ ಸಾದಾ ಕುಕ್ಕರಿನಲ್ಲೂ ಟೈಮರ್ ಇಲ್ಲ. ತಳದಲ್ಲಿ ಒಂದು ಮ್ಯಾಗ್ನೆಟ್ ಇದೆ. ಪಾತ್ರೆಯಲ್ಲಿ ನೀರು ಇರುವವರೆಗೆ ತಳದ ಬಿಸಿ ನೂರರ ಆಸುಪಾಸಿನಲ್ಲೇ ಇರುತ್ತದೆ. ನೀರು ಮುಗಿದು ಬಿಸಿ ಸ್ವಲ್ಪ ಏರಿದ ಕೂಡಲೇ ಮ್ಯಾಗ್ನೆಟ್ ಹಿಡಿತ ಬಿಡುತ್ತದೆ, ಕುಕ್ ಸ್ವಿಚ್ ಟಕ್ ಅಂತ ವಾರ್ಮ್‌ಗೆ ಹೋಗುತ್ತದೆ. ಇದು ಗೊತ್ತಾದರೆ ಮೋಡ್ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

ಪಲಾವ್‌ಗೆ ಕುಕ್ ಮೋಡ್. ಎಣ್ಣೆ, ಚಕ್ಕೆ ಲವಂಗ, ಈರುಳ್ಳಿ ಹಾಕಿ ಸ್ವಿಚ್ ಒತ್ತಿ. ಒಂದೆರಡು ನಿಮಿಷಕ್ಕೇ ಟಕ್ ಅಂದರೆ ಕುಕ್ಕರ್ ಕೆಟ್ಟಿದೆ ಅಂದುಕೊಳ್ಳಬೇಡಿ. ನೀರಿಲ್ಲದ ಪಾತ್ರೆ ಬೇಗ ಕಾಯುತ್ತದೆ, ಅಷ್ಟೇ. ಎರಡು ನಿಮಿಷ ಆರಲು ಬಿಟ್ಟು ಮತ್ತೆ ಒತ್ತಿ. ದಯವಿಟ್ಟು ಸ್ವಿಚ್ಚಿಗೆ ಟೇಪ್ ಹಚ್ಚಿ, ಕಡ್ಡಿ ಸಿಕ್ಕಿಸಿ ಹಿಡಿದಿಡಬೇಡಿ, ಬೆಂಕಿ ಹತ್ತುತ್ತದೆ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಗೆ ಹುರಿಯುವುದು ಇದರಲ್ಲಿ ಆಗುವುದಿಲ್ಲ. ಮಸಾಲೆ ರುಬ್ಬಿ ಹಾಕಿದ್ದರೆ ಅಕ್ಕಿ ನೀರು ಹಾಕಿದ ಮೇಲೆ ಮರದ ಸೌಟಿನಿಂದ ತಳವನ್ನು ಚೆನ್ನಾಗಿ ಕೆರೆಯಿರಿ. ಮಸಾಲೆ ತಳಕ್ಕೆ ಅಂಟಿ ಕೂತರೆ ಅಲ್ಲಿ ಮಾತ್ರ ಬಿಸಿ ಏರಿ, ಮೇಲೆ ನೀರು ನಿಂತಿರುವಾಗಲೇ ಸ್ವಿಚ್ ಎಗರುತ್ತದೆ.

ಮೂರು ಲೋಟದ ಪಲಾವ್ ಅಂತ ಇಟ್ಟುಕೊಳ್ಳಿ. ತೊಳೆದು ನೀರು ಬಸಿದ ಕೋಲಮ್ ಅಕ್ಕಿ, ಮೂರು ಟೊಮೆಟೊ, ಒಂದು ಬಟ್ಟಲು ಬಟಾಣಿ ಬೀನ್ಸ್. ಲೆಕ್ಕದ ಪ್ರಕಾರ ನಾಲ್ಕೂವರೆ ಲೋಟ. ಟೊಮೆಟೊ ನೀರು ಬಿಡುತ್ತದೆ, ಅದಕ್ಕೆ ಅರ್ಧ ತೆಗೆಯಿರಿ. ನಾಲ್ಕು ಲೋಟ ಹಾಕಿ. ಬಾಸುಮತಿಯನ್ನು ಅರ್ಧ ಗಂಟೆ ನೆನೆಸಿದ್ದರೆ ಅದು ಆಗಲೇ ಸ್ವಲ್ಪ ಕುಡಿದಿರುತ್ತದೆ, ಒಂದೂಕಾಲಿನ ಬದಲು ಒಂದು ಅಂತ ಲೆಕ್ಕ ಹಿಡಿಯಿರಿ. ಸ್ವಿಚ್ ಎಗರಿದ ಮೇಲೆ ಹದಿನೈದು ನಿಮಿಷ ಮುಚ್ಚಳ ಮುಟ್ಟಬೇಡಿ, ಆಗ ಮೇಲಿನ ಅಗುಳೂ ತಳದ ಅಗುಳೂ ಒಂದೇ ಹದಕ್ಕೆ ಬರುತ್ತವೆ. ಆಮೇಲೂ ಮೇಲಿನ ಅಗುಳಿನ ನಡುವೆ ಗಟ್ಟಿ ಇದ್ದರೆ ಕಾಲು ಲೋಟ ಬಿಸಿನೀರು ಚಿಮುಕಿಸಿ ಮತ್ತೆ ಕುಕ್ ಒತ್ತಿ. ಅಗುಳು ಒಡೆದು ತುದಿ ಅರಳಿದ್ದರೆ ನೀರು ಜಾಸ್ತಿಯಾಯಿತು ಅಂತ, ಅದಕ್ಕೆ ಆವತ್ತು ಏನೂ ಮಾಡಲಾಗುವುದಿಲ್ಲ. ಇಂದ್ರಾಯಣಿ, ಆಂಬೆಮೊಹರ್ ಅಕ್ಕಿ ಪಲಾವ್‌ಗೆ ಬೇಡ. ಅವು ಅಂಟುವ ಅಕ್ಕಿ, ಖಿಚಡಿಗೆ ಇಟ್ಟುಕೊಳ್ಳಿ. ಗೋವಾದ ಕಡೆ ಇರುವವರು ಉಕಡೆ ಅಕ್ಕಿಗೆ ಈ ಲೆಕ್ಕ ಹಿಡಿಯಬೇಡಿ, ಅದು ನಮ್ಮ ಕುಚ್ಚಲಕ್ಕಿ ಇದ್ದ ಹಾಗೆ, ನೀರೂ ಹೊತ್ತೂ ಜಾಸ್ತಿ ಬೇಕು.

ಉಪ್ಪಿಟ್ಟಿನಲ್ಲಿ ಮಾತ್ರ ಪಟ್ಟಿನ ಲೆಕ್ಕ ಸರಿ. ಒಂದು ಲೋಟ ಹುರಿದ ರವೆಗೆ ಎರಡೂವರೆ ನೀರು, ಎರಡಕ್ಕೆ ಐದು. ಯಾಕೆಂದರೆ ರವೆ ಹಾಕಿದ ಮೇಲೆ ಅದು ಕುದಿಯುವುದೇ ಒಂದೆರಡು ನಿಮಿಷ, ಹಬೆಗೆ ಹೋಗುವುದು ತೀರಾ ಕಡಿಮೆ. ಸಾದಾ ಕುಕ್ಕರಿನಲ್ಲಿ ಸಾಸಿವೆ ಚೆನ್ನಾಗಿ ಸಿಡಿಯುವುದಿಲ್ಲ, ಹಾಗಾಗಿ ಊರಿಗೆ ಹೋದಾಗ ರವೆಯನ್ನು ಒಗ್ಗರಣೆ ಸಮೇತ ಹುರಿಸಿಕೊಂಡು ಡಬ್ಬಿಯಲ್ಲಿ ತನ್ನಿ. ಕುಕ್ ಮೋಡ್‌ನಲ್ಲಿ ನೀರು, ಉಪ್ಪು, ಈರುಳ್ಳಿ ಕುದಿಸಿ, ಕುದಿಯುವ ನೀರಿಗೆ ರವೆ ಉದುರಿಸುತ್ತಾ ತಿರುಗಿಸಿ. ಗಟ್ಟಿಯಾದ ತಕ್ಷಣ ನೀವೇ ಸ್ವಿಚ್ ಎತ್ತಿ ವಾರ್ಮ್‌ಗೆ ಹಾಕಿ, ಹತ್ತು ನಿಮಿಷ ಮುಚ್ಚಿಡಿ. ತಾನಾಗಿಯೇ ಎಗರಲಿ ಅಂತ ಕಾಯ್ದರೆ ತಳ ಸೀದಿರುತ್ತದೆ.

ಖಿಚಡಿಯಲ್ಲೂ ಸ್ವಿಚ್ಚನ್ನು ಕಾಯಬಾರದು. ಅರ್ಧ ಲೋಟ ಇಂದ್ರಾಯಣಿ, ಅರ್ಧ ಲೋಟ ಹೆಸರುಬೇಳೆ, ನಾಲ್ಕು ಲೋಟ ನೀರು, ಅರಿಶಿನ, ಒಂದು ಚಮಚ ತುಪ್ಪ. ಇಷ್ಟು ನೀರು ಮುಗಿಯುವ ಹೊತ್ತಿಗೆ ಖಿಚಡಿ ತಳ ಹಿಡಿದಿರುತ್ತದೆ, ಆದ್ದರಿಂದ ಅರ್ಧ ಗಂಟೆಯ ನಂತರ ನೋಡಿ ತೆಳ್ಳಗಿರುವಾಗಲೇ ವಾರ್ಮ್ ಮಾಡಿ, ಆರುತ್ತಾ ಗಟ್ಟಿಯಾಗುತ್ತದೆ. ಪಾರಿಜ್ ಅಥವಾ ಗಂಜಿ ಮೋಡ್ ಇದ್ದರೆ ಅದೇ ಒಳ್ಳೆಯದು, ಮೆಲ್ಲಗೆ ಕುದಿಸುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬೇಳೆಯ ನೊರೆ ತೂತಿನಿಂದ ಉಕ್ಕಿ ಕುಕ್ಕರಿನ ಒಳಗೆಲ್ಲಾ ಇಳಿಯುತ್ತದೆ.

ಇನ್ನು ಯಾರೂ ಕೇಳದ, ಆದರೆ ನಮ್ಮವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಇದರಲ್ಲಿ ಬಿಸಿಬೇಳೆಬಾತ್ ಆಗುತ್ತಾ? ಆಗುತ್ತದೆ, ಆದರೆ ತೊಗರಿಬೇಳೆ ಹೆಸರುಬೇಳೆಯಲ್ಲ. ಸೀಟಿ ಕುಕ್ಕರಿನ ಒಳಗೆ ಬಿಸಿ ಸುಮಾರು 120 ಡಿಗ್ರಿಗೆ ಹೋಗುತ್ತದೆ. ರೈಸ್ ಕುಕ್ಕರಿನಲ್ಲಿ ಒತ್ತಡವೇ ಇಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ನೀರು 98 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆ ಬೇಳೆಯನ್ನು ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಅದೊಂದನ್ನೇ ಮೊದಲು ಬೇಯಿಸಿ, ಮುಕ್ಕಾಲು ಗಂಟೆಯಾದರೂ ಬೇಕು. ನೀರು ಇಂಗಿದರೆ ಬಿಸಿನೀರು ಸೇರಿಸುತ್ತಾ ಇರಿ. ಒಂದು ಕಾಳು ಬೆರಳಿನಲ್ಲಿ ಒತ್ತಿದರೆ ಪೂರ್ತಿ ನುಣ್ಣಗಾಗಬೇಕು. ಆಮೇಲೆ ಅಕ್ಕಿ, ತರಕಾರಿ. ಹುಣಸೆಹುಳಿ, ಟೊಮೆಟೊ ಎಲ್ಲಾ ಕಡೆಗೆ, ಅಕ್ಕಿಯೂ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಳೆ ಎಷ್ಟು ಹೊತ್ತು ಕುದಿಸಿದರೂ ಮೆತ್ತಗಾಗುವುದಿಲ್ಲ. ಪುಡಿ ಊರಿಂದ ಬಂದದ್ದೇ ಇರಲಿ.