1ರ ಬೆನ್ನಿಗೆ 2 ಬಂತಾ?

ತೆಳ್ಳಗಿನ ಭಜನೆ ಪುಸ್ತಕವೊಂದರ ನಡುವಿನ ಪಿನ್ನು ಬಿಚ್ಚಿ, ಹೊರಗಿನ ಹಾಳೆಯನ್ನು ಬಿಡಿಸಿ ನೋಡಿ. 16 ಪುಟದ ಪುಸ್ತಕವಾದರೆ ಒಂದು ಬದಿಯಲ್ಲಿ ಎಡಕ್ಕೆ 16ನೇ ಪುಟ, ಬಲಕ್ಕೆ 1ನೇ ಪುಟ. ಹಾಳೆ ತಿರುಗಿಸಿದರೆ ಎಡಕ್ಕೆ 2, ಬಲಕ್ಕೆ 15. ಬಿಡಿ ಹಾಳೆಯಾಗಿ ನೋಡಿದರೆ ಯಾರೋ ಪುಟಗಳನ್ನು ಕಲಸಿ ಹಾಕಿದಂತೆ ಕಾಣುತ್ತದೆ. ಮಡಚಿ ಒಂದರೊಳಗೆ ಒಂದು ಸೇರಿಸಿದ ಕೂಡಲೇ ಎಲ್ಲ ಸರಿಯಾಗಿ ಕೂರುತ್ತವೆ.

ಮನೆಯ ಪ್ರಿಂಟರಿನಲ್ಲಿ ಎ4 ಹಾಳೆ ಹಾಕಿ, ನಮ್ಮದೇ ಪಿಡಿಎಫ್ ಒಂದನ್ನು ಹೀಗೆ ಮಡಿಕೆ ಪುಸ್ತಕ ಮಾಡಬಹುದು. ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ 16 ಪುಟಕ್ಕೆ ನಾಲ್ಕೇ ಹಾಳೆ. ಅವುಗಳ ಮೇಲೆ ಪುಟಗಳು ಬರುವ ಕ್ರಮ ಇದು:

```
ಹಾಳೆ 1   ಮುಂದೆ 16 | 1    ಬೆನ್ನಿಗೆ 2 | 15
ಹಾಳೆ 2   ಮುಂದೆ 14 | 3    ಬೆನ್ನಿಗೆ 4 | 13
ಹಾಳೆ 3   ಮುಂದೆ 12 | 5    ಬೆನ್ನಿಗೆ 6 | 11
ಹಾಳೆ 4   ಮುಂದೆ 10 | 7    ಬೆನ್ನಿಗೆ 8 | 9
```

ಯಾವ ಜೋಡಿ ಕೂಡಿಸಿದರೂ 17. ಹೊರಗಿನಿಂದ ಒಳಕ್ಕೆ ಹೋಗುತ್ತಾ ಮುಂದಿನ ಪುಟಸಂಖ್ಯೆ ಒಂದೊಂದೇ ಏರುತ್ತದೆ, ಹಿಂದಿನದು ಒಂದೊಂದೇ ಇಳಿಯುತ್ತದೆ. ಹಾಗಾಗಿ ಮೊತ್ತ ಬದಲಾಗುವುದೇ ಇಲ್ಲ. 24 ಪುಟದ ಪುಸ್ತಕವಾದರೆ ಮೊತ್ತ 25, ಅಷ್ಟೇ. ಇನ್ನೊಂದು ವಿಷಯ ಗಮನಿಸಿ: ಪ್ರತಿ ಬದಿಯಲ್ಲೂ ಸಮಸಂಖ್ಯೆ ಎಡಕ್ಕೆ, ಬೆಸಸಂಖ್ಯೆ ಬಲಕ್ಕೆ. ಎಡಗಡೆ ಮಡಿಕೆ ಇರುವ ಕನ್ನಡ ಪುಸ್ತಕದಲ್ಲಿ ಇದು ತಪ್ಪುವುದಿಲ್ಲ. ಈ ಎರಡು ಗೊತ್ತಿದ್ದರೆ ಪ್ರಿಂಟರಿನಿಂದ ಬಂದ ಹಾಳೆಯನ್ನು ನೋಡಿದ ತಕ್ಷಣ ಸರಿಯೋ ತಪ್ಪೋ ಹೇಳಬಹುದು.

ಪುಟಗಳು ಯಾವಾಗಲೂ ನಾಲ್ಕರ ಲೆಕ್ಕಕ್ಕೆ ಸಿಗುವುದಿಲ್ಲ, ಅಲ್ವಾ? ನಮ್ಮ ಹಾಡಿನ ಪಿಡಿಎಫ್‌ನಲ್ಲಿ 14 ಪುಟ ಇದೆ ಎನ್ನೋಣ: ಮುಖಪುಟ, 12 ಪುಟ ಹಾಡು, ಕೊನೆಯಲ್ಲಿ ಹಿಂಬದಿಯ ರಕ್ಷಾಪುಟ. ಸುಮ್ನೆ ಪ್ರಿಂಟ್ ಕೊಟ್ಟರೆ ಸಾಫ್ಟ್‌ವೇರ್ ಕೊರತೆಯಾದ ಎರಡು ಖಾಲಿ ಪುಟವನ್ನು ಕೊನೆಗೆ ಸೇರಿಸುತ್ತದೆ. ಆಗ ಪುಸ್ತಕದ ಹಿಂಬದಿ ಬೋಳು. ರಕ್ಷಾಪುಟ ಹೋಗಿ ಒಳಗೆಲ್ಲೋ ಕೂತಿರುತ್ತದೆ. ಖಾಲಿ ಪುಟಗಳ ಜಾಗವನ್ನು ನಾವೇ ಹೇಳಬೇಕು: ಒಂದು ಮುಖಪುಟ ಆದ ಮೇಲೆ, ಇನ್ನೊಂದು ಕೊನೆಯ ಪುಟಕ್ಕಿಂತ ಮೊದಲು. ಲಿನಕ್ಸ್‌ನಲ್ಲಿ pdfjam ಇದ್ದರೆ ಒಂದೇ ಸಾಲು ಸಾಕು. ಇದರಲ್ಲಿ `{}` ಅಂದರೆ ಖಾಲಿ ಪುಟ.

```
pdfjam --paper a4paper --landscape --signature 16 hadu.pdf '1,{},2-13,{},14' --outfile madike.pdf
```

ಇದರಿಂದ ಇನ್ನೊಂದು ಲಾಭವೂ ಇದೆ. ಈಗ 2 ಮತ್ತು 15 ಎರಡೂ ಖಾಲಿ. ಅವು ಇರುವುದು ಒಂದೇ ಕಡೆ, ಮೊದಲ ಹಾಳೆಯ ಬೆನ್ನಿಗೆ. ಅಂದರೆ ಆ ಹಾಳೆಗೆ ಒಂದೇ ಬದಿ ಪ್ರಿಂಟ್ ಸಾಕು. ಅದನ್ನೊಂದನ್ನೇ ದಪ್ಪ ಬಣ್ಣದ ಕಾಗದದಲ್ಲಿ ಹಾಕಿಸಿದರೆ ಒಳ್ಳೆಯ ರಕ್ಷಾಪುಟ ಆಗುತ್ತದೆ. ಒಂದು ತೊಡಕೂ ಇದೆ: ಹಾಡಿನ ಪುಟಗಳೆಲ್ಲ ಒಂದೊಂದು ಮುಂದೆ ಸರಿದವು. ಎಡ-ಬಲ ಎರಡೂ ಪುಟಕ್ಕೆ ಹರಡಿದ ಹಾಡು ಮೊದಲು 2ರಲ್ಲಿ ಶುರುವಾಗಿದ್ದರೆ ಈಗ 3ರಲ್ಲಿ, ಅಂದರೆ ಬಲಗಡೆ ಶುರುವಾಗಿ, ಹಾಳೆ ಮಗುಚಿದ ಮೇಲೆ ಮುಗಿಯುತ್ತದೆ. ಹಾಡುವವರಿಗೆ ಇದು ಕಿರಿಕಿರಿ. ಖಾಲಿ ಪುಟ ಎಲ್ಲಿ ಬರುತ್ತದೆ ಎಂದು ಮೊದಲೇ ಯೋಚಿಸಿ ಹಾಡು ಜೋಡಿಸಿಕೊಳ್ಳುವುದು ಜಾಣತನ.

ಅಡೋಬ್ ರೀಡರ್ ಬಳಸುವವರಿಗೆ ಆಜ್ಞೆ ಟೈಪ್ ಮಾಡುವ ಕೆಲಸವಿಲ್ಲ. ಪ್ರಿಂಟ್ ಕಿಟಕಿಯಲ್ಲಿ `Booklet` ಒತ್ತಿದರೆ ಪುಟಗಳ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ. ಖಾಲಿ ಪುಟಗಳನ್ನು ಮಾತ್ರ ಪಿಡಿಎಫ್‌ನಲ್ಲಿ ಮೊದಲೇ ಸೇರಿಸಿಟ್ಟಿರಬೇಕು. ಹಾಗೆಯೇ ರೀಡರ್‌ನಲ್ಲೂ, ಪ್ರಿಂಟರಿನ ಸ್ವಂತ ಸೆಟ್ಟಿಂಗ್‌ನಲ್ಲೂ ಎರಡೂ ಕಡೆ ಬುಕ್‌ಲೆಟ್ ಆರಿಸಬೇಡಿ. ಆಗ ಒಂದು ಬದಿಗೆ ನಾಲ್ಕು ಪುಟ ತುರುಕಿ ಇರುವೆ ಸಾಲಿನಂಥ ಅಕ್ಷರ ಬರುತ್ತದೆ.

ಹೆಚ್ಚಿನವರು ಎಡವುವುದು ಪುಟದ ಕ್ರಮದಲ್ಲಿ ಅಲ್ಲ, ಹಾಳೆ ತಿರುಗಿಸುವುದರಲ್ಲಿ. ಎರಡೂ ಬದಿ ಪ್ರಿಂಟ್ ಮಾಡುವ ಪ್ರಿಂಟರ್ `Flip on long edge` ಅಥವಾ `Flip on short edge` ಎಂದು ಕೇಳುತ್ತದೆ. ಮಾಮೂಲಿ ದಾಖಲೆಗೆ ಉದ್ದದ ಅಂಚು ಸರಿ. ಇಲ್ಲಿ ಹಾಳೆಯನ್ನು ಅಡ್ಡ ಹಿಡಿಯುತ್ತೇವೆ, ಎಡಬಲಕ್ಕೆ ಇರುವುದು ಗಿಡ್ಡ ಅಂಚು. ಪುಸ್ತಕದ ಹಾಳೆ ಮಗುಚುವುದು ಎಡಬಲಕ್ಕೆ, ಆದ್ದರಿಂದ ಗಿಡ್ಡ ಅಂಚನ್ನೇ ಆರಿಸಬೇಕು. ಉದ್ದದ ಅಂಚು ಕೊಟ್ಟರೆ ಹಾಳೆಯ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ತಲೆಕೆಳಗು.

ಒಂದೇ ಬದಿ ಪ್ರಿಂಟ್ ಮಾಡುವ ಪ್ರಿಂಟರಾದರೆ ಕೆಲಸ ಎರಡು ಸಲ. ರೀಡರ್‌ನಲ್ಲಿ ಮೊದಲು `Front side only`, ಆಮೇಲೆ ಆ ಹಾಳೆಗಳನ್ನೇ ತಿರುಗಿಸಿ ಟ್ರೇಗೆ ಹಾಕಿ `Back side only`. ಹೇಗೆ ತಿರುಗಿಸಬೇಕು ಎನ್ನುವುದು ಪ್ರಿಂಟರಿನಿಂದ ಪ್ರಿಂಟರಿಗೆ ಬೇರೆ. ಕೆಲವು ಪ್ರಿಂಟರ್ ಹಾಳೆಯನ್ನು ಮುಖ ಮೇಲಾಗಿ ಹೊರಗೆ ಬಿಡುತ್ತವೆ, ಕೆಲವು ಕೆಳಗಾಗಿ. ಕಟ್ಟಿನ ಕ್ರಮ ಅದರ ಮೇಲೆ ಹೋಗುತ್ತದೆ.

ಏನು ತಪ್ಪಾಯಿತು ಎಂದು ತಿಳಿಯಲು ಒಂದೇ ಒಂದು ಪುಟ ಸಾಕು. 16 ಪುಟವನ್ನೂ ಪ್ರಿಂಟ್ ಮಾಡಿ, 1ನೇ ಪುಟ ಇರುವ ಹಾಳೆಯನ್ನು ತೆಗೆದುಕೊಂಡು 1ರ ಬೆನ್ನಿಗೆ ಏನಿದೆ ನೋಡಿ. ನೆಟ್ಟಗೆ 2 ಇದ್ದರೆ ಸರಿ. 15 ತಲೆಕೆಳಗಾಗಿ ಇದ್ದರೆ ತಿರುಗಿಸಿದ ಅಂಚು ತಪ್ಪು. 8 ನೆಟ್ಟಗೆ ಇದ್ದರೆ ಅಂಚು ಸರಿ, ಆದರೆ ಕಟ್ಟಿನ ಕ್ರಮ ಹಿಂದುಮುಂದಾಗಿದೆ. ಕೊನೆಯ ಹಾಳೆಗೆ ಹೋಗಬೇಕಾದ 8 ಮತ್ತು 9 ಮೊದಲ ಹಾಳೆಗೆ ಬಂದಿವೆ. 9 ತಲೆಕೆಳಗಾಗಿ ಇದ್ದರೆ ಎರಡೂ ತಪ್ಪು. ಹಾಡು ಹಾಕುವ ಮೊದಲು ಬರೀ ದೊಡ್ಡ ಅಂಕಿ ಬರೆದ 16 ಪುಟದ ಪಿಡಿಎಫ್ ಮಾಡಿ ನೋಡಿದರೆ ಇಂಕು ಉಳಿಯುತ್ತದೆ.

ಅಕ್ಷರದ ಗಾತ್ರದ ಮಾತೂ ಇದೆ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಮಡಚಿದರೆ ಎ5, ಅಂದರೆ 148 ಮತ್ತು 210. ಎರಡರಲ್ಲೂ ಉದ್ದ-ಅಗಲದ ಅನುಪಾತ ಒಂದೇ ಆದ್ದರಿಂದ ಪುಟ ಅಂದಗೆಡದೆ ಸುಮಾರು 71 ಶೇಕಡಾಕ್ಕೆ ಇಳಿಯುತ್ತದೆ. 12 ಪಾಯಿಂಟ್ ಅಕ್ಷರ 8.5 ಆಗುತ್ತದೆ. ಇಂಗ್ಲಿಷಿಗೆ ಇದು ನಡೆದೀತು. ಕನ್ನಡದಲ್ಲಿ ಒತ್ತಕ್ಷರಗಳು ಮೊದಲೇ ಸಣ್ಣವು. ಕೆಳಗೆ ಕೂತ ತ ಒತ್ತು, ನ ಒತ್ತು ಈ ಗಾತ್ರದಲ್ಲಿ ಕಪ್ಪು ಚುಕ್ಕೆಯಾಗಿ ಬಿಡುತ್ತವೆ. ವಯಸ್ಸಾದವರು ಓದಬೇಕಾದ ಪುಸ್ತಕವಾದರೆ ಮೂಲದಲ್ಲೇ 17 ಪಾಯಿಂಟ್ ಇಡಿ, ಮಡಿಕೆಯಲ್ಲಿ 12 ಸಿಗುತ್ತದೆ. ಇಲ್ಲವೇ ಪುಟವನ್ನು ಮೊದಲಿಂದಲೇ ಎ5 ಗಾತ್ರದಲ್ಲಿ ಟೈಪ್ ಮಾಡಿ.

ಪುಸ್ತಕ ದಪ್ಪವಾದಂತೆ ಇನ್ನೊಂದು ತೊಂದರೆ. 80 ಪುಟವನ್ನು ಒಂದೇ ಮಡಿಕೆ ಮಾಡಿದರೆ 20 ಹಾಳೆ ಒಂದರೊಳಗೊಂದು. ಹೊರಗಿನ ಹಾಳೆ ಒಳಗಿನ ಎಲ್ಲವನ್ನೂ ಸುತ್ತಿ ಬರಬೇಕು, ಆದ್ದರಿಂದ ಒಳಗಿನವು ಹೊರಕ್ಕೆ ಇಣುಕುತ್ತವೆ. ಮಾಮೂಲಿ ಕಾಗದದ ದಪ್ಪ ಸುಮಾರು 0.1 ಮಿ.ಮೀ., ಹಾಗಾಗಿ ನಡುವಿನ ಹಾಳೆ 2 ಮಿ.ಮೀ.ನಷ್ಟು ಮುಂದೆ ಬರುತ್ತದೆ. ಅಂಚು ಸಮ ಮಾಡಲು ಕತ್ತರಿಸಿದರೆ ನಡುವಿನ ಪುಟಗಳ ಮಾರ್ಜಿನ್ ಅಷ್ಟು ಕಮ್ಮಿ. ನಾಲ್ಕು ಹಾಳೆಗೆ ಇದು ಲೆಕ್ಕಕ್ಕೇ ಇಲ್ಲ. 80 ಪುಟಕ್ಕೆ ನಾನು ಒಂದೇ ಮಡಿಕೆ ಮಾಡುವುದಿಲ್ಲ. ಮೇಲಿನ ಆಜ್ಞೆಯ `--signature 16` ಇರುವುದೇ ಇದಕ್ಕೆ: 80 ಪುಟ ಕೊಟ್ಟರೆ 16 ಪುಟದ ಐದು ಕಂತೆಗಳಾಗಿ ಅದೇ ಒಡೆಯುತ್ತದೆ. ಒಂದೊಂದನ್ನೂ ಬೇರೆ ಮಡಚಿ, ಒಂದರ ಪಕ್ಕ ಒಂದಿಟ್ಟು ದಾರದಲ್ಲಿ ಹೊಲಿಯಬೇಕು. 16 ಪುಟದ ಒಂದೇ ಮಡಿಕೆಗೆ ಪಿನ್ನು ಸಾಕು. ಮಾಮೂಲಿ ಸ್ಟೇಪ್ಲರ್ ಮಡಿಕೆಯ ಗೆರೆವರೆಗೆ ಚಾಚುವುದಿಲ್ಲ, ಹಾಗಾಗಿ ಅದನ್ನು ಪೂರ್ತಿ ಬಿಡಿಸಿ, ಹಾಳೆಗಳ ಕೆಳಗೆ ದಪ್ಪ ರಟ್ಟಿಟ್ಟು, ಹೊರಬದಿಯಿಂದ ಗೆರೆಯ ಮೇಲೆ ಒತ್ತಿ. ರಟ್ಟಿನಿಂದ ಎಬ್ಬಿಸಿ ಪಿನ್ನಿನ ಕಾಲುಗಳನ್ನು ಚಮಚದ ಬೆನ್ನಿನಿಂದ ಒಳಕ್ಕೆ ಬಗ್ಗಿಸಿದರೆ ಆಯಿತು.