ದುಭಾಷಿ ಬೇರೆ, ವ್ಯಾಖ್ಯಾನಕಾರ ಬೇರೆ

ಮೊನ್ನೆ ಒಂದು ಆಮಂತ್ರಣ ಪತ್ರಿಕೆಯ ಕೊನೆಯ ಸಾಲು: 'ಮೂಕ ಭಾಷೆಯ ವ್ಯಾಖ್ಯಾನಕಾರರು ಹಾಜರಿರುತ್ತಾರೆ.' ಅಂದರೆ ಕಿವುಡರ ಸಂಜ್ಞೆ ಭಾಷೆಯನ್ನು ಮಾತಿಗೂ, ಮಾತನ್ನು ಸಂಜ್ಞೆ ಭಾಷೆಗೂ ದಾಟಿಸುವವರು. ಇದೇ ಸಾಲನ್ನು ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 'ಮೂಕ' ಪದದ ಜಗಳ ಹಳೆಯದು. ಭಾಷೆ ಇದ್ದವರು ಮೂಕರು ಹೇಗಾದರು ಎಂದು ಕಿವುಡರೇ ಕೇಳಿ ಕೇಳಿ ದಣಿದಿದ್ದಾರೆ. ಇವತ್ತು ನನ್ನ ತಕರಾರು ಎರಡನೆಯ ಪದದ ಮೇಲೆ.

ಇಂಟರ್‌ಪ್ರಿಟರ್ ಅಂದರೇನು ಎಂದು ನಿಘಂಟು ತೆರೆದು, ಮೊದಲು ಕಂಡದ್ದನ್ನು ಎತ್ತಿಕೊಂಡರೆ 'ವ್ಯಾಖ್ಯಾನಕಾರ' ಸಿಗುತ್ತದೆ. ಆದರೆ ಕನ್ನಡದಲ್ಲಿ ಆ ಪದಕ್ಕೆ ಆಗಲೇ ಒಂದು ಕೆಲಸ ಇದೆ. ಗಮಕ ಕೇಳಿದವರಿಗೆ ಗೊತ್ತು. ಗಮಕಿ ಕುಮಾರವ್ಯಾಸನ ಒಂದು ಷಟ್ಪದಿ ಹಾಡಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ, ಹಿಂದಿನ ಕಥೆ ನೆನಪಿಸುತ್ತಾರೆ, ನಡುವೆ ಇವತ್ತಿನ ರಾಜಕೀಯಕ್ಕೂ ಒಂದು ಚಿವುಟು ಚಿವುಟುತ್ತಾರೆ. ಆರು ಸಾಲಿಗೆ ಹತ್ತು ನಿಮಿಷ. ಜನ ಬರುವುದೇ ಅದಕ್ಕೆ. ಸಂಜ್ಞೆ ಭಾಷೆಯವರು ಇದೇ ಕೆಲಸ ಮಾಡಿದರೆ ಅವರನ್ನು ಕೋರ್ಟಿನಿಂದ ಆಚೆ ಕಳಿಸಬೇಕಾಗುತ್ತದೆ. ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು, ಬೈಗುಳ ಬಂದರೆ ಬೈಗುಳವನ್ನೇ ದಾಟಿಸಬೇಕು. ಅವರ ವೃತ್ತಿಯ ಮೊದಲ ನಿಯಮವೇ ವ್ಯಾಖ್ಯಾನ ಮಾಡಬೇಡ ಎನ್ನುವುದು.

ಹಾಗಾದರೆ ಏನನ್ನಬೇಕು? 'ದುಭಾಷಿ' ಇದೆಯಲ್ಲ. ಒಬ್ಬರು ಇದನ್ನು 'ದುರ್ಭಾಷಿ' ಎಂದು ತಿದ್ದಿದ್ದನ್ನೂ ನೋಡಿದ್ದೇನೆ, ಪಾಪ. ಈ 'ದು' ಕೆಟ್ಟದ್ದಲ್ಲ, ಎರಡು. ಸಂಸ್ಕೃತದ ದ್ವಿಭಾಷಿ ಜನರ ಬಾಯಲ್ಲಿ ಸವೆದು ದುಭಾಷಿ ಆಯಿತು. ಹಾಗಂತ 'ಶುದ್ಧ' ಮಾಡಲು ಹೋಗಿ ದ್ವಿಭಾಷಿ ಎಂದು ಬರೆದರೂ ಕೆಲಸ ಕೆಡುತ್ತದೆ. ದ್ವಿಭಾಷಿ ಅಂದರೆ ಎರಡು ಭಾಷೆ ಬಲ್ಲವರು ಅಷ್ಟೇ. ಬೆಂಗಳೂರಿನಲ್ಲಿ ಆಟೋ ಓಡಿಸುವವರೆಲ್ಲ ದ್ವಿಭಾಷಿಗಳೇ, ದುಭಾಷಿಗಳಲ್ಲ.

ದುಭಾಷಿ ಪದಕ್ಕೂ ಒಂದು ಕಳಂಕ ಇದೆ, ಮುಚ್ಚಿಡುವುದಿಲ್ಲ. ಕಂಪನಿ ಕಾಲದ ಮದರಾಸು, ಪಾಂಡಿಚೇರಿಗಳಲ್ಲಿ 'ದುಬಾಶ್' ಅಂದರೆ ಬರೀ ಮಾತು ದಾಟಿಸುವವನಲ್ಲ. ಅವನು ದಲ್ಲಾಳಿ, ಸಾಹುಕಾರ, ಸಾಹೇಬರ ಬಲಗೈ. ಪಾಂಡಿಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಬಾಶ್ ಆಗಿದ್ದ ಆನಂದರಂಗ ಪಿಳ್ಳೆ ದೊಡ್ಡ ವ್ಯಾಪಾರಿಯೂ ಹೌದು. ಎರಡೂ ಕಡೆಯ ಮಾತು ಒಬ್ಬನ ಕೈಲಿದ್ದರೆ ಎರಡೂ ಕಡೆಯ ಲಾಭವೂ ಅವನ ಕೈಗೆ ಬರುತ್ತದೆ, ಅಲ್ವಾ? ಇವತ್ತಿನ ದುಭಾಷಿಯ ನೀತಿಸಂಹಿತೆ ತಡೆಯಲು ಹೊರಟಿರುವುದು ಇದನ್ನೇ. ಕೇಳಿಸಿಕೊಂಡದ್ದನ್ನು ಹೊರಗೆ ಹೇಳುವಂತಿಲ್ಲ, ಯಾರ ಪಕ್ಷವನ್ನೂ ವಹಿಸುವಂತಿಲ್ಲ, ತನಗೆ ಸಂಬಂಧವಿರುವ ವಿಷಯವಾದರೆ ಕೆಲಸವನ್ನೇ ಒಪ್ಪುವಂತಿಲ್ಲ.

ತರಬೇತಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಂಜ್ಞೆ ಭಾಷೆಯ ದುಭಾಷಿಯಾಗಲು ನಮ್ಮಲ್ಲಿ ಪಿಯುಸಿ ನಂತರ ಎರಡು ವರ್ಷದ ಡಿಪ್ಲೊಮಾ ಇದೆ. ಈ ಕ್ಷೇತ್ರದವರು ಅದನ್ನು 'ಡಿಸ್ಲಿ' ಅನ್ನುತ್ತಾರೆ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸಂಜ್ಞೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದನ್ನು ಕಲಿಸುತ್ತದೆ. ಕಿವುಡ ತಂದೆತಾಯಿಯ ಮಕ್ಕಳಿಗೆ ಭಾಷೆ ಮನೆಯಲ್ಲೇ ಬಂದಿರುತ್ತದೆ, ದಾಟಿಸುವ ಶಿಸ್ತನ್ನು ಮಾತ್ರ ಅವರೂ ಕಲಿಯಲೇಬೇಕು. ಸಂಜ್ಞೆ ಭಾಷೆ ಅಂದರೆ ಕೈಯಲ್ಲಿ ಕನ್ನಡ ಬರೆದಂತೆ ಎಂದುಕೊಂಡು ಬರುವವರೇ ಜಾಸ್ತಿ. ಅದಕ್ಕೆ ಅದರದ್ದೇ ವ್ಯಾಕರಣ ಇದೆ. 'ಏನು', 'ಯಾರು', 'ಎಲ್ಲಿ' ವಾಕ್ಯದ ಕೊನೆಗೆ ಬರುತ್ತವೆ, 'ಇಲ್ಲ'ವೂ ಸಾಮಾನ್ಯವಾಗಿ ಕೊನೆಗೇ. ಪ್ರಶ್ನೆಯೋ ಹೇಳಿಕೆಯೋ ಎಂಬುದು ಹುಬ್ಬಿನಲ್ಲಿ ಗೊತ್ತಾಗುತ್ತದೆ.

ಈಗ ಕೋರ್ಟಿಗೆ ಬರೋಣ. ರಾಜಸ್ಥಾನದ ಒಂದು ಕೊಲೆ ಕೇಸು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸತ್ತವನ ಹೆಂಡತಿ ಮುಖ್ಯ ಸಾಕ್ಷಿ, ಕಿವುಡಿ. ಆಕೆಯ ಸನ್ನೆಗಳನ್ನು ಕೋರ್ಟಿಗೆ ಮಾತಾಗಿಸಿದ್ದು ಆಕೆಯ ತಂದೆ. ದಾಖಲಾದದ್ದು ತಂದೆಯ ಮಾತು, ಮಗಳ ಸನ್ನೆ ಏನಿತ್ತು ಎಂಬುದು ಉಳಿಯಲೇ ಇಲ್ಲ. ಆ ಸಾಕ್ಷ್ಯ ನಿಲ್ಲಲಿಲ್ಲ, ಬಿಡುಗಡೆಯ ತೀರ್ಪೇ ಉಳಿಯಿತು. ದುಭಾಷಿಗೆ ಕೇಸಿನಲ್ಲಿ ಯಾವ ಆಸಕ್ತಿಯೂ ಇರಬಾರದು, ಪ್ರಮಾಣ ಮಾಡಿಸಬೇಕು, ಸನ್ನೆಯನ್ನೂ ಅದರ ಅರ್ಥವನ್ನೂ ಎರಡನ್ನೂ ದಾಖಲಿಸಬೇಕು ಎಂದಿತು ಕೋರ್ಟು. 2013ರಲ್ಲಿ ಸಾಕ್ಷ್ಯ ಕಾಯ್ದೆಯ 119ನೇ ಸೆಕ್ಷನ್‌ಗೆ ತಿದ್ದುಪಡಿ ಬಂತು. ಇಂಥ ಸಾಕ್ಷಿ ಬಂದಾಗ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯ ವಿಡಿಯೊ ಮಾಡಬೇಕು. ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇದು ಉಳಿದಿದೆ.

ಅದೇ ತೀರ್ಪು ಓದು ಬರಹ ಬಲ್ಲ ಸಾಕ್ಷಿಯಾದರೆ ಬರೆಸುವುದೇ ಮೇಲು ಎಂದೂ ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಹುಟ್ಟು ಕಿವುಡರಿಗೆ ಬರಹದ ಕನ್ನಡವೋ ಹಿಂದಿಯೋ ಎರಡನೆಯ ಭಾಷೆ. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಶಾಲೆಯ ಇಂಗ್ಲಿಷಿನಲ್ಲಿ ಕೊಲೆಯ ವಿವರ ಬರೆ ಎಂದರೆ ಹೇಗೋ, ಹಾಗೆ.

ವಿಡಿಯೊ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ. ವಕೀಲರು ಕೇಳುತ್ತಾರೆ, 'ಅವನು ನಿನಗೆ ಹೊಡೆದನಾ?' ಕನ್ನಡದ 'ಹೊಡೆ' ಯಾವುದರಿಂದ ಎಂದು ಹೇಳುವುದಿಲ್ಲ. ಆದರೆ ಕೈಯಲ್ಲಿ ಹೊಡೆತ ತೋರಿಸಬೇಕಾದರೆ ಅದು ಕಪಾಳಕ್ಕೆ ಬಿದ್ದ ಏಟೋ, ಗುದ್ದೋ, ದೊಣ್ಣೆಯೋ ಆಗಿಬಿಡುತ್ತದೆ. 'ಮುಟ್ಟಿದನಾ' ಎಂದರೆ ಎಲ್ಲಿ ಎಂಬುದೂ ಸೇರಿಬಿಡುತ್ತದೆ. ದುಭಾಷಿ ಸುಮ್ನೆ ಒಂದನ್ನು ಆರಿಸಿದರೆ ಉತ್ತರವನ್ನು ಬಾಯಿಗೆ ತುರುಕಿದಂತೆ. ಎದುರು ಪಕ್ಷದ ವಕೀಲರಿಗೆ ಅದು ಕಾಣುವುದೂ ಇಲ್ಲ. ಬಲ್ಲ ದುಭಾಷಿ ಅಲ್ಲೇ ನಿಲ್ಲಿಸಿ, 'ಸ್ವಾಮಿ, ಈ ಪ್ರಶ್ನೆಯನ್ನು ದಾಟಿಸಿದರೆ ಸೂಚನೆ ಸೇರುತ್ತದೆ. ಏನಾಯಿತು ಎಂದು ಕೇಳಲು ಅಪ್ಪಣೆಯೇ?' ಎನ್ನುತ್ತಾರೆ. ಶಾಲೆಗೇ ಹೋಗದೆ, ಮನೆಯ ಸನ್ನೆಗಳಲ್ಲೇ ಬೆಳೆದ ಸಾಕ್ಷಿಯಾದರೆ ಇನ್ನೂ ಕಷ್ಟ. ಆಗ ಜೊತೆಗೆ ಒಬ್ಬ ಕಿವುಡ ದುಭಾಷಿ ಇರಬೇಕು. ಅವರು ಮನೆಯ ಸನ್ನೆಯನ್ನು ಸಂಜ್ಞೆ ಭಾಷೆಗೆ ತರುತ್ತಾರೆ, ಇವರು ಅದನ್ನು ಮಾತಿಗೆ ತರುತ್ತಾರೆ. ಉದ್ದದ ವಿಚಾರಣೆಯಲ್ಲಿ ಹೇಗೂ ಇಬ್ಬರು ಬೇಕು. ಇಪ್ಪತ್ತು ಮೂವತ್ತು ನಿಮಿಷಕ್ಕೆ ತಲೆ ದಣಿಯುತ್ತದೆ, ತಪ್ಪು ಶುರುವಾಗುತ್ತದೆ, ಮಾಡುತ್ತಿರುವವರಿಗೇ ಅದು ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿ ಪ್ರಮಾಣವೂ ಇಲ್ಲ, ವಿಡಿಯೊವೂ ಇಲ್ಲ. 'ಅಮ್ಮ ಇದ್ದಾರಲ್ಲ, ಅವರೇ ಹೇಳಲಿ ಬಿಡಿ' ಎನ್ನುತ್ತಾರೆ. ಡಾಕ್ಟರು ಹತ್ತು ನಿಮಿಷ ಗಡ್ಡೆಯ ಬಗ್ಗೆ, ಆಪರೇಷನ್‌ನ ಅಪಾಯದ ಬಗ್ಗೆ ಹೇಳಿದ್ದು ಅಮ್ಮನ ಕೈಯಲ್ಲಿ 'ಏನಿಲ್ಲ, ಹೆದರಬೇಡ' ಆಗಿ ಮಗಳನ್ನು ಮುಟ್ಟುತ್ತದೆ. ಅಮ್ಮನದು ತಪ್ಪಲ್ಲ, ಪ್ರೀತಿ. ಆದರೆ ಮಗಳು ಸಹಿ ಹಾಕಿದ್ದು ಯಾವುದಕ್ಕೆ? ಆಕೆ ತಲೆ ಆಡಿಸಿದ್ದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಕಿವುಡರು ಎಷ್ಟೋ ಸಲ ತಲೆ ಆಡಿಸುವುದು 'ನೋಡುತ್ತಿದ್ದೇನೆ, ಮುಂದುವರಿಸಿ' ಎನ್ನಲು. ಅರ್ಥವಾಯಿತೋ ಇಲ್ಲವೋ ಗೊತ್ತಾಗಬೇಕಾದರೆ 'ಗೊತ್ತಾಯ್ತಾ' ಎಂದು ಕೇಳಿ ಪ್ರಯೋಜನವಿಲ್ಲ. ಡಾಕ್ಟರು 'ನಾಳೆ ಏನು ಮಾಡುತ್ತೇವೆ, ನೀವೇ ಹೇಳಿ' ಎಂದು ಕೇಳಬೇಕು.

ದುಭಾಷಿ ನಿಲ್ಲುವ ಜಾಗ ಡಾಕ್ಟರ ಪಕ್ಕ, ಅರ್ಧ ಹೆಜ್ಜೆ ಹಿಂದೆ. ಆಗ ರೋಗಿಗೆ ಒಂದೇ ನೋಟದಲ್ಲಿ ಡಾಕ್ಟರ ಮುಖವೂ ದುಭಾಷಿಯ ಕೈಯೂ ಸಿಗುತ್ತವೆ. ಮಾಸ್ಕ್ ಹಾಕಿದರೆ ಮುಖದ ವ್ಯಾಕರಣ ಅರ್ಧ ಮುಚ್ಚಿಹೋಗುತ್ತದೆ. ಇನ್ನೊಂದು, ಡ್ರಿಪ್ ಸೂಜಿ. ಬಲಗೈ ಬಳಸುವ ಕಿವುಡ ರೋಗಿಗೆ ಸೂಜಿಯನ್ನು ಬಲಗೈಗೇ ಚುಚ್ಚಿ ಪಟ್ಟಿ ಕಟ್ಟಿದರೆ ಆಕೆಯ ಬಾಯಿಗೆ ಬಟ್ಟೆ ಕಟ್ಟಿದಂತೆ. ನರ್ಸ್ ಸೂಜಿ ಹಿಡಿದಾಗಲೇ ಆಕೆ ಎಡಗೈ ಮುಂದೆ ಚಾಚಿರುತ್ತಾಳೆ, ಬಲಗೈ ಎಳೆದುಕೊಂಡಿರುತ್ತಾಳೆ. ದುಭಾಷಿ ಅದನ್ನು ಮಾತಾಗಿಸಿ ಹೇಳಬೇಕಾದದ್ದು ಇಷ್ಟೇ: 'ಈ ಕೈ ಬೇಡ ಸಿಸ್ಟರ್, ನಾನು ಮಾತಾಡೋದು ಇದರಲ್ಲಿ.' 'ನಾನು' ಎಂದೇ ಹೇಳಬೇಕು. 'ಈ ಕೈ ಬೇಡವಂತೆ' ಎಂದರೆ ಅಲ್ಲಿ ಮತ್ತೆ ವ್ಯಾಖ್ಯಾನಕಾರರು ಬಂದು ಕುಳಿತರು.